ಎರಡನೇ ಸಂದರ್ಶನಕ್ಕೆ ನನ್ನ ಪರಿಚಯ ಹೀಗೆ ಬರೆದುಕೊಂಡೆ

ನಮ್ಮೂರು ಬ್ಯಾಡಗಿ. ಅಪ್ಪ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ. ಅವ್ವ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಲು ಹೋಗುತ್ತಾಳೆ. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಧಾರವಾಡದಲ್ಲಿ ಬಿ.ಕಾಂ. ಓದುವಾಗ ಎರಡು ಕಡೆ ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಹೋಗಿದ್ದೆ. ಮೊದಲನೆಯದು ಸಿಗಲಿಲ್ಲ.

ಆ ಸಲ ಪರಿಚಯವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದ್ದೆ. ಹೆಸರು, ಅಪ್ಪನ ಹೆಸರು, ಊರು, ಎಸ್ಸೆಸ್ಸೆಲ್ಸಿ ಅಂಕ, ಪಿಯುಸಿ ಅಂಕ, ಹವ್ಯಾಸ. ಅಷ್ಟೂ ಸಂದರ್ಶಕರ ಮುಂದಿದ್ದ ಅರ್ಜಿಯಲ್ಲೇ ಇತ್ತು. ನಾನು ಹೇಳುತ್ತಿದ್ದರೆ ಅವರು ಅರ್ಜಿಯ ಹಾಳೆ ತಿರುವುತ್ತಿದ್ದರು. ಆಮೇಲೆ ಅಪ್ಪನ ದುಡಿಮೆ ಎಷ್ಟು ಎಂದು ಕೇಳಿದರು. "ತಿಂಗಳಿಗೆ ಹತ್ತು ಸಾವಿರ" ಅಂದೆ. ಆದಾಯ ಪ್ರಮಾಣಪತ್ರದಲ್ಲಿ ಇದ್ದದ್ದು ವರ್ಷಕ್ಕೆ 72,000. ಹತ್ತು ಸಾವಿರವನ್ನು ಹನ್ನೆರಡರಿಂದ ಗುಣಿಸಿದರೆ 1,20,000 ಆಗುತ್ತದೆ. ಯಾವುದು ಸರಿ ಎಂದು ಕೇಳಿದಾಗ ನನಗೆ ಮಾತೇ ಹೊರಡಲಿಲ್ಲ.

ಊರಿಗೆ ಹೋದಾಗ ಅಪ್ಪನ ಜೊತೆ ಕೂತು ಲೆಕ್ಕ ಹಾಕಿದೆ. ಆವಕ ಜೋರಾಗಿರುವ ನಾಲ್ಕು ತಿಂಗಳು ಹತ್ತು ಸಾವಿರದ ಹತ್ತಿರ ಸಿಗುತ್ತದೆ. ಉಳಿದ ಎಂಟು ತಿಂಗಳು ನಾಲ್ಕು ಸಾವಿರ ಸಿಕ್ಕರೆ ಜಾಸ್ತಿ. ಕೂಡಿಸಿದರೆ 72,000. ನಾನು ಸುಳ್ಳು ಹೇಳಿರಲಿಲ್ಲ, ಸೀಸನ್ನಿನ ತಿಂಗಳನ್ನು ಮಾತ್ರ ಹೇಳಿದ್ದೆ. ಅವರಿಗೆ ಅದು ಗೊತ್ತಾಗುವುದು ಹೇಗೆ, ಅಲ್ವಾ? ಕೂಲಿ, ಹಮಾಲಿ, ಹೊಲದ ಕೆಲಸದ ಮನೆಯವರು ಸಂದರ್ಶನಕ್ಕೆ ಹೋಗುವ ಮೊದಲು ಈ ಲೆಕ್ಕವನ್ನು ಮನೆಯವರ ಹತ್ತಿರ ಕೇಳಿಕೊಂಡೇ ಹೋಗಬೇಕು.

ಎರಡನೇ ಸಂದರ್ಶನ ಹುಬ್ಬಳ್ಳಿಯಲ್ಲಿತ್ತು. ಬರೆದದ್ದನ್ನು ನಮ್ಮ ಮೇಡಂಗೆ ತೋರಿಸಿದೆ. "ಅರ್ಜಿಯೊಳಗ ಇರೋದನ್ನ ಮತ್ತ ಯಾಕ ಹೇಳ್ತಿ? ನೀ ಮಾಡಿದ್ದು ಒಂದು ಕೆಲಸ ಹೇಳವಾ" ಅಂದರು. ಎರಡು ದಿನ ಏನೂ ಹೊಳೆಯಲಿಲ್ಲ. ಬಹುಮಾನ ಗೆದ್ದಿರಲಿಲ್ಲ, ಎನ್‌ಎಸ್‌ಎಸ್ ಶಿಬಿರಕ್ಕೂ ಹೋಗಿರಲಿಲ್ಲ. ಆಮೇಲೆ ನಾನು ಲೆಕ್ಕ ಬರೆದಿಡುತ್ತಿದ್ದ ವಹಿ ನೆನಪಾಯಿತು. ಕೊನೆಗೆ ಬರೆದುಕೊಂಡದ್ದು ಇಷ್ಟು:

"ನಾನು ಬ್ಯಾಡಗಿಯವಳು. ಅವ್ವನ ಜೊತೆ ಮೆಣಸಿನಕಾಯಿ ತುಂಬು ಬಿಡಿಸುವ ಹನ್ನೊಂದು ಹೆಣ್ಣುಮಕ್ಕಳು ದಿನಕ್ಕೆ ಎಷ್ಟು ಕೆಜಿ ಬಿಡಿಸಿದರು ಎಂಬುದನ್ನು ಒಂಬತ್ತನೇ ತರಗತಿಯಿಂದ ಒಂದು ವಹಿಯಲ್ಲಿ ಬರೆದಿಡುತ್ತಿದ್ದೆ. ಒಂದು ವಾರ ಒಬ್ಬ ಅಕ್ಕನಿಗೆ ಆರು ಕೆಜಿಯ ಕೂಲಿ ಕಡಿಮೆ ಬಂತು. ವಹಿ ತೋರಿಸಿದ ಮೇಲೆ ಅಂಗಡಿಯವರು ಚೀಟಿ ಹುಡುಕಿದರು. ಒಂದು ಚೀಟಿ ಕೂಡಿಸುವುದು ಬಿಟ್ಟುಹೋಗಿತ್ತು. ಆವತ್ತೇ ಲೆಕ್ಕದ ಓದು ಓದಬೇಕು ಅನಿಸಿತು. ನಮ್ಮ ಮನೆಯಲ್ಲಿ ಕಾಲೇಜಿಗೆ ಬಂದವಳು ನಾನೇ ಮೊದಲು. ಈಗ ಬಿ.ಕಾಂ. ಎರಡನೇ ವರ್ಷ. ಮಳೆಗಾಲದಲ್ಲಿ ಮಾರುಕಟ್ಟೆ ಕೆಲಸ ಕಡಿಮೆ. ಆ ತಿಂಗಳುಗಳ ಹಾಸ್ಟೆಲ್ ಮೆಸ್ ಬಿಲ್ಲಿಗೆ ಈ ಹಣ ಬೇಕು."

ಮೊದಲು ಬರೆದಾಗ ಅಪ್ಪನ ಬೆನ್ನುನೋವು, ಮನೆ ಸೋರುವುದು ಎಲ್ಲಾ ಇತ್ತು. ಫೋನಿನಲ್ಲಿ ರೆಕಾರ್ಡ್ ಮಾಡಿ ನೋಡಿದರೆ ಎರಡು ನಿಮಿಷ ಐವತ್ತು ಸೆಕೆಂಡ್. ಕೇಳುತ್ತಾ ಹೋದರೆ ನನ್ನ ಬಗ್ಗೆ ಏನೂ ತಿಳಿಯುತ್ತಲೇ ಇರಲಿಲ್ಲ. ಅವನ್ನೆಲ್ಲಾ ತೆಗೆದೆ. ಕಷ್ಟದ ಬಗ್ಗೆ ಒಂದೇ ಮಾತು ಇಟ್ಟುಕೊಂಡೆ, ಅದೂ ಯಾವ ತಿಂಗಳು, ಯಾವ ಬಿಲ್ಲು ಎಂಬ ಲೆಕ್ಕದ ಜೊತೆ. ಈಗ ಒಂದು ನಿಮಿಷದೊಳಗೆ ಮುಗಿಯಿತು. ಬಾಯಿಪಾಠ ಮಾಡಲಿಲ್ಲ. ವಹಿ, ಆರು ಕೆಜಿ, ಬಿ.ಕಾಂ., ಮೆಸ್ ಎಂದು ನಾಲ್ಕು ಪದ ಮಾತ್ರ ಚೀಟಿಯಲ್ಲಿ ಬರೆದುಕೊಂಡು, ರೂಮ್‌ಮೇಟ್ ಎದುರು ಪ್ರತಿ ಸಲ ಬೇರೆ ಬೇರೆ ಮಾತಿನಲ್ಲಿ ಹೇಳಿದೆ.

ರೂಮ್‌ಮೇಟ್ ಬೆಟಗೇರಿಯ ನೇಕಾರರ ಮನೆಯವಳು. ತನ್ನ ಸಂದರ್ಶನದಲ್ಲಿ "ಪುಸ್ತಕ ಓದುವುದು ನನ್ನ ಹವ್ಯಾಸ" ಅಂದಿದ್ದಳಂತೆ. ಕೊನೆಗೆ ಓದಿದ್ದು ಯಾವುದು ಎಂದು ಕೇಳಿದಾಗ ಸಿಕ್ಕಿಬಿದ್ದಳು. ನಮ್ಮ ಪರಿಚಯದ ಒಂದೊಂದು ಮಾತಿನಿಂದಲೂ ಅವರು ಮುಂದಿನ ಪ್ರಶ್ನೆ ತೆಗೆಯುತ್ತಾರೆ. ಅದಕ್ಕೇ ಅವಳು ನನ್ನ ಪ್ರತಿ ಮಾತಿಗೂ ಎರಡೆರಡು ಪ್ರಶ್ನೆ ಕೇಳಿದಳು. ಉತ್ತರ ಬರದ ಮಾತನ್ನು ಹೊಡೆದು ಹಾಕಿದೆವು. "ದೊಡ್ಡ ಆಡಿಟರ್ ಆಗುತ್ತೇನೆ" ಎಂಬ ಮಾತು ಹೋಗಿದ್ದು ಹಾಗೆ. ಸಿಎ ಪರೀಕ್ಷೆಯ ಬಗ್ಗೆ ಆಗ ನನಗೆ ಏನೂ ಗೊತ್ತಿರಲಿಲ್ಲ.

ಹುಬ್ಬಳ್ಳಿಯಲ್ಲಿ ಕೂತ ಕೂಡಲೇ "ಸರ್, ಕನ್ನಡದಲ್ಲಿ ಹೇಳಬಹುದೇ?" ಎಂದು ಕೇಳಿದೆ. "ಹೇಳವಾ, ಅದಕ್ಕೇನು" ಅಂದರು. ಬೇರೆ ವಿದ್ಯಾರ್ಥಿವೇತನ ಬರುತ್ತದೆಯೇ ಎಂದು ಕೇಳಿದರು. ಸರ್ಕಾರದ ವಿದ್ಯಾರ್ಥಿವೇತನದ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಿದ್ದನ್ನು ಮುಚ್ಚಿಡದೆ ಹೇಳಿದೆ. ಆದಾಯದ ಪ್ರಶ್ನೆಯೂ ಬಂತು. ನಾಲ್ಕು ತಿಂಗಳು, ಎಂಟು ತಿಂಗಳ ಲೆಕ್ಕ ಹೇಳಿದೆ. ಒಬ್ಬರು ಪೆನ್ನು ಹಿಡಿದು ಕೂಡಿಸಿ ನೋಡಿ, ತಲೆಯಾಡಿಸಿದರು.

ಆಮೇಲೆ ಮಾತೆಲ್ಲಾ ವಹಿಯದೇ. ಹಸಿ ಕಾಯಿ, ಒಣ ಕಾಯಿ ತೂಕ ಬೇರೆ ಬೇರೆ ಬರೆಯುತ್ತಿದ್ದೆಯಾ, ಅಂಗಡಿಯವರು ಸಿಟ್ಟಾಗಲಿಲ್ಲವಾ, ನೀನು ಧಾರವಾಡಕ್ಕೆ ಬಂದ ಮೇಲೆ ಯಾರು ಬರೆಯುತ್ತಾರೆ ಎಂದೆಲ್ಲಾ ಕೇಳಿದರು. ಈಗ ನನ್ನ ತಂಗಿ ಬರೆಯುತ್ತಾಳೆ ಅಂದೆ.