ಬೆಲೆ ಇಳಿಯುವಾಗ ಓಪನ್ ಇಂಟರೆಸ್ಟ್ ಏರಿದರೆ ಸಿಕ್ಕಿಬಿದ್ದವರು ಯಾರು?

ಚಾರ್ಟಿನಲ್ಲಿ ಬೆಲೆ ಸತತವಾಗಿ ಕೆಳಗೆ ಬರುತ್ತಿದೆ. ಅದರ ಕೆಳಗಿರುವ ಓಪನ್ ಇಂಟರೆಸ್ಟ್ ಗೆರೆ ಮಾತ್ರ ಮೇಲಕ್ಕೆ ಹೋಗುತ್ತಿದೆ. ಇದನ್ನು ನೋಡಿದ ತಕ್ಷಣ ಹೆಚ್ಚಿನವರು ಹೇಳುವುದು ಒಂದೇ ಮಾತು: ‘ಹೊಸ ಶಾರ್ಟ್ ಬರ್ತಿದೆ, ಇನ್ನೂ ಬೀಳುತ್ತೆ.’ ಮಾತು ಪೂರ್ತಿ ತಪ್ಪಲ್ಲ. ಆದರೆ ಅರ್ಧ ಕಥೆ ಬಿಟ್ಟುಹೋಗಿದೆ.

ಓಪನ್ ಇಂಟರೆಸ್ಟ್ ಅಂದರೆ ಇನ್ನೂ ಮುಗಿಯದೆ ಉಳಿದಿರುವ ಫ್ಯೂಚರ್ಸ್ ಕಾಂಟ್ರಾಕ್ಟ್‌ಗಳ ಲೆಕ್ಕ. ಪ್ರತಿ ಕಾಂಟ್ರಾಕ್ಟಿಗೂ ಬೆಲೆ ಏರಿದರೆ ಲಾಭ ಪಡೆಯುವ ಒಬ್ಬ ಲಾಂಗ್, ಇಳಿದರೆ ಲಾಭ ಪಡೆಯುವ ಒಬ್ಬ ಶಾರ್ಟ್ ಇದ್ದೇ ಇರುತ್ತಾರೆ. ಹೊಸಬರಿಬ್ಬರು ಎದುರುಬದುರಾಗಿ ಬಂದರೆ ಲೆಕ್ಕ ಒಂದು ಏರುತ್ತದೆ. ಹಳಬರಿಬ್ಬರು ಹೊರಟರೆ ಒಂದು ಇಳಿಯುತ್ತದೆ. ಹಳಬನ ಜಾಗಕ್ಕೆ ಹೊಸಬ ಬಂದು ಕೂತರೆ ಲೆಕ್ಕ ಬದಲಾಗುವುದಿಲ್ಲ. ಅಂದರೆ ಹೊಸ ಶಾರ್ಟ್ ಎಷ್ಟು ಬಂದಿದೆಯೋ ಹೊಸ ಲಾಂಗ್ ಕೂಡ ಅಷ್ಟೇ ಬಂದಿದೆ. (ಷೇರುಗಳಲ್ಲಿ ಕೇಳಿಬರುವ ಶಾರ್ಟ್ ಇಂಟರೆಸ್ಟ್ ಬೇರೆ. ಅಲ್ಲಿ ಶಾರ್ಟ್ ಮಾಡಿದ ಷೇರು ಮಾತ್ರ ಲೆಕ್ಕಕ್ಕೆ ಬರುತ್ತದೆ. ಎರಡನ್ನೂ ಬೆರೆಸಬೇಡಿ.)

ಹಾಗಾದರೆ ಕೇಳಬೇಕಾದ ಪ್ರಶ್ನೆ ‘ಯಾರು ಬಂದರು’ ಅನ್ನುವುದಲ್ಲ. ಬಂದವರಲ್ಲಿ ಅವಸರ ಯಾರಿಗಿತ್ತು, ಸಾಲದ ಬಲದ ಮೇಲೆ ನಿಂತವರು ಯಾರು, ಯಾವ ಬೆಲೆಗೆ ಅವರನ್ನು ಬಲವಂತವಾಗಿ ಹೊರಗೆ ಹಾಕಲಾಗುತ್ತದೆ ಎಂಬುದು. ಕ್ರಿಪ್ಟೊ ಮಾರುಕಟ್ಟೆಯ ಪರ್ಪೆಚುವಲ್ ಫ್ಯೂಚರ್ಸ್ ಇಟ್ಟುಕೊಂಡು ಇದನ್ನು ನೋಡೋಣ. ಬಿಟ್‌ಮೆಕ್ಸ್ ಎಂಬ ಕ್ರಿಪ್ಟೊ ಎಕ್ಸ್‌ಚೇಂಜ್ 2016ರಲ್ಲಿ ಚಾಲ್ತಿಗೆ ತಂದ ಈ ಕಾಂಟ್ರಾಕ್ಟಿಗೆ ಮುಕ್ತಾಯದ ದಿನವೇ ಇಲ್ಲ. ಹಾಗಾಗಿ ತಿಂಗಳ ಕೊನೆಗೆ ಹಳೆಯ ಕಾಂಟ್ರಾಕ್ಟ್ ಬಿಟ್ಟು ಮುಂದಿನದಕ್ಕೆ ಹೋಗುವ ರೋಲ್‌ಓವರ್ ಗೊಂದಲವೂ ಇಲ್ಲ.

ಮೊದಲ ಹೆಜ್ಜೆ: ಓಪನ್ ಇಂಟರೆಸ್ಟ್ ನಿಜವಾಗಿಯೂ ಏರಿದೆಯೇ?

ಇಲ್ಲಿ ನಾನೇ ಒಮ್ಮೆ ಏಟು ತಿಂದಿದ್ದೇನೆ. ಬೆಲೆ 100 ಡಾಲರಿನಿಂದ 92ಕ್ಕೆ ಬಂದಿತ್ತು. ಓಪನ್ ಇಂಟರೆಸ್ಟ್ ಸುಮಾರು 9% ಏರಿದಂತೆ ಕಾಣುತ್ತಿತ್ತು. ಶಾರ್ಟ್ ಜೋರಾಗಿದೆ ಅಂದುಕೊಂಡು ನಾನೂ ಶಾರ್ಟ್ ಮಾಡಿದೆ. ಮಾರನೇ ದಿನ ನಷ್ಟ ಮಾಡಿಕೊಂಡು ಕೂತಾಗ ಗೊತ್ತಾಯಿತು, ಒಂದು ಹೊಸ ಕಾಂಟ್ರಾಕ್ಟೂ ಬಂದಿರಲಿಲ್ಲ.

ಆಗಿದ್ದಿಷ್ಟೇ. ಅದು ಮಾರ್ಜಿನ್ ಅನ್ನುವ ಭದ್ರತೆಯಾಗಿ ನಾಣ್ಯವನ್ನೇ ಇಡುವ ಇನ್‌ವರ್ಸ್ ಕಾಂಟ್ರಾಕ್ಟ್. ಅದರಲ್ಲಿ ಒಂದು ಕಾಂಟ್ರಾಕ್ಟಿನ ಮೌಲ್ಯ ಡಾಲರಿನಲ್ಲಿ ನಿಗದಿಯಾಗಿರುತ್ತದೆ. 10 ಲಕ್ಷ ಡಾಲರಿನ ಕಾಂಟ್ರಾಕ್ಟ್‌ಗಳಿವೆ ಅನ್ನಿ. ಬೆಲೆ 100 ಇದ್ದಾಗ ಅದು 10,000 ನಾಣ್ಯಕ್ಕೆ ಸಮ. ಬೆಲೆ 92 ಆದಾಗ ಅದೇ ಕಾಂಟ್ರಾಕ್ಟ್‌ಗಳು ಸುಮಾರು 10,870 ನಾಣ್ಯಕ್ಕೆ ಸಮ. ನಾನು ನೋಡುತ್ತಿದ್ದ ಚಾರ್ಟ್ ನಾಣ್ಯದ ಲೆಕ್ಕದಲ್ಲಿತ್ತು. ಬೆಲೆ ಬಿದ್ದಿದ್ದಕ್ಕೇ ಗೆರೆ ಏರಿತ್ತು.

ಡಾಲರಿನಲ್ಲೇ ಮಾರ್ಜಿನ್ ಇಡುವ ಕಾಂಟ್ರಾಕ್ಟಿನಲ್ಲಿ ಮೋಸ ಉಲ್ಟಾ ದಿಕ್ಕಿನಲ್ಲಿ ಆಗುತ್ತದೆ. ಅಲ್ಲಿ ಕಾಂಟ್ರಾಕ್ಟಿನ ಅಳತೆ ನಾಣ್ಯದಲ್ಲಿರುತ್ತದೆ. ಬೆಲೆ ಬಿದ್ದಾಗ ಡಾಲರ್ ಲೆಕ್ಕದ ಓಪನ್ ಇಂಟರೆಸ್ಟ್ ಸುಮ್ನೆ ಇಳಿಯುತ್ತದೆ, ನಿಜವಾದ ಏರಿಕೆಯನ್ನು ಮುಚ್ಚಿಬಿಡುತ್ತದೆ. ಪರಿಹಾರ ಒಂದೇ: ಕಾಂಟ್ರಾಕ್ಟ್‌ಗಳ ಸಂಖ್ಯೆ ನೋಡಿ. ಅದು ಸಿಗದಿದ್ದರೆ, ಕಾಂಟ್ರಾಕ್ಟಿನ ಅಳತೆ ಯಾವುದರಲ್ಲಿ ನಿಗದಿಯಾಗಿದೆಯೋ ಅದೇ ಅಳತೆಯ ಚಾರ್ಟ್ ತೆಗೆಯಿರಿ.

ಎರಡನೇ ಹೆಜ್ಜೆ: ಅವಸರ ಯಾರಿಗಿತ್ತು?

ಇದಕ್ಕೆ ಫಂಡಿಂಗ್ ರೇಟ್ ಬೇಕು. ಪರ್ಪೆಚುವಲ್ ಬೆಲೆಯು, ನಾಣ್ಯವನ್ನೇ ನೇರವಾಗಿ ಕೊಂಡು ಮಾರುವ ಸ್ಪಾಟ್ ಮಾರುಕಟ್ಟೆಯ ಬೆಲೆಯಿಂದ ದೂರ ಹೋಗದಂತೆ ಹಿಡಿದಿಡುವ ಹಗ್ಗ ಇದು. ಪರ್ಪೆಚುವಲ್ ಮೇಲಿದ್ದರೆ ಸಾಮಾನ್ಯವಾಗಿ ಲಾಂಗ್ ಇದ್ದವರು ಶಾರ್ಟ್ ಇದ್ದವರಿಗೆ ಹಣ ಕೊಡುತ್ತಾರೆ. ಸಾಕಷ್ಟು ಕೆಳಗಿದ್ದರೆ ಶಾರ್ಟ್‌ನವರು ಕೊಡಬೇಕು. ಹೆಚ್ಚಿನ ಕಡೆ ಇದು 8 ಗಂಟೆಗೊಮ್ಮೆ.

ಒಂದು ಸಣ್ಣ ಸಂಗತಿ ತುಂಬಾ ಜನರಿಗೆ ಗೊತ್ತಿಲ್ಲ. ಅನೇಕ ಎಕ್ಸ್‌ಚೇಂಜ್‌ಗಳಲ್ಲಿ ಎರಡು ಬೆಲೆಗಳು ಹತ್ತಿರ ಹತ್ತಿರ ಇದ್ದರೂ ಫಂಡಿಂಗ್ ಸೊನ್ನೆ ಇರುವುದಿಲ್ಲ, 8 ಗಂಟೆಗೆ 0.01% ಇರುತ್ತದೆ. ಸೂತ್ರದಲ್ಲೇ ಬಡ್ಡಿ ಅಂತ ಸೇರಿಸಿರುವ ಭಾಗ ಅದು. ಹಾಗಾಗಿ 0.01% ನೋಡಿ ‘ಲಾಂಗ್ ಜಾಸ್ತಿ ಆಗಿದೆ’ ಅನ್ನಬೇಡಿ. ಅದು ಸಮತಟ್ಟು ನೆಲ. ಅದಕ್ಕಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಅನ್ನುವುದೇ ಮುಖ್ಯ.

ಈಗ ಬೆಲೆ ಇಳಿದಿದೆ, ಕಾಂಟ್ರಾಕ್ಟ್ ಸಂಖ್ಯೆ ಏರಿದೆ. ಫಂಡಿಂಗ್ ಸೊನ್ನೆಗಿಂತ ಕೆಳಗೆ ಹೋಗಿದ್ದರೆ ಫ್ಯೂಚರ್ಸ್‌ನಲ್ಲಿ ಮಾರುವವರಿಗೇ ಅವಸರ. ಎಲ್ಲರೂ ಹೇಳುವ ‘ಹೊಸ ಶಾರ್ಟ್’ ಕಥೆ ಇಲ್ಲಿ ಸರಿ. ಎದುರಿಗೆ ಲಾಂಗ್ ಹಿಡಿದವರಲ್ಲಿ, ಕೊಳ್ಳಲೂ ಮಾರಲೂ ಸದಾ ದರ ಕೊಡುವ ಮಾರ್ಕೆಟ್ ಮೇಕರ್‌ಗಳು ಇರುವ ಸಾಧ್ಯತೆ ಜಾಸ್ತಿ. ಅವರು ಬೇರೆ ಕಡೆ ಅಷ್ಟೇ ಮಾರಿ ಸರಿದೂಗಿಸಿಕೊಂಡಿರುತ್ತಾರೆ, ಬೆಲೆ ಬಿದ್ದರೂ ಓಡುವುದಿಲ್ಲ.

ಫಂಡಿಂಗ್ ಇನ್ನೂ 0.03% ಹೀಗೆ ಮೇಲೇ ಇದ್ದರೆ ಕಥೆ ಬೇರೆ. ಬೆಲೆ ಇಳಿಸುತ್ತಿರುವವರು ಸ್ಪಾಟ್‌ನಲ್ಲಿ ನಿಜವಾದ ನಾಣ್ಯ ಮಾರುತ್ತಿದ್ದಾರೆ. ಫ್ಯೂಚರ್ಸ್‌ನಲ್ಲಿ ಮಾತ್ರ ‘ಇಷ್ಟು ಅಗ್ಗಕ್ಕೆ ಸಿಕ್ತಲ್ಲ’ ಅಂತ ಒಂದಷ್ಟು ಜನ ಸಾಲದ ಬಲದಲ್ಲಿ ಕೊಳ್ಳುತ್ತಿದ್ದಾರೆ. ನನ್ನ ಮಟ್ಟಿಗೆ ಈ ಜೋಡಿಯ ಅತಿ ಅಪಾಯದ ರೂಪ ಇದು. ಯಾಕೆ ಅಂದರೆ ಬೆಲೆ ಇಳಿಯುತ್ತಲೇ ಇದ್ದರೆ ದಾರಿಯಲ್ಲಿ ಬಂದ ಹೊಸ ಲಾಂಗ್‌ಗಳು ಒಟ್ಟಾರೆ ನಷ್ಟದಲ್ಲೇ ಇರುತ್ತವೆ, ಎದುರಿನ ಶಾರ್ಟ್‌ಗಳು ಅಷ್ಟೇ ಲಾಭದಲ್ಲಿರುತ್ತವೆ. ಲಾಭದಲ್ಲಿರುವವನನ್ನು ಸಾಮಾನ್ಯವಾಗಿ ಯಾರೂ ಹೊರಗೆ ತಳ್ಳುವುದಿಲ್ಲ ಅಲ್ವಾ?

ಮೂರನೇ ಹೆಜ್ಜೆ: ಯಾವ ಬೆಲೆಗೆ ಬಲವಂತದ ಮಾರಾಟ?

10 ಪಟ್ಟು ಲಿವರೇಜ್ ಅಂದರೆ 100 ಡಾಲರಿನ ಪೊಸಿಷನ್‌ಗೆ ಸ್ವಂತ ಹಣ 10 ಡಾಲರ್. ಆ ಹಣ ಪೂರ್ತಿ ಕರಗುವ ಮೊದಲೇ, ಮೇಂಟೆನೆನ್ಸ್ ಮಾರ್ಜಿನ್ ಎಂಬ ಕನಿಷ್ಠ ಮಟ್ಟ ಮುಟ್ಟಿದ ಕೂಡಲೇ, ಎಕ್ಸ್‌ಚೇಂಜ್ ಪೊಸಿಷನ್ ಮುಚ್ಚಿಬಿಡುತ್ತದೆ. ಇದೇ ಲಿಕ್ವಿಡೇಷನ್. ಆ ಕನಿಷ್ಠ ಮಟ್ಟ 0.5% ಎಂದಿಟ್ಟುಕೊಂಡರೆ ಅಂದಾಜು ಹೀಗೆ:

```
ಲಾಂಗ್ = ಕೊಂಡ ಬೆಲೆ × (1 − 1/ಲಿವರೇಜ್ + 0.005)
ಶಾರ್ಟ್ = ಮಾರಿದ ಬೆಲೆ × (1 + 1/ಲಿವರೇಜ್ − 0.005)
```

ಇದು ಡಾಲರ್ ಮಾರ್ಜಿನ್ ಕಾಂಟ್ರಾಕ್ಟಿಗೆ, ಶುಲ್ಕ ಬಿಟ್ಟು ಮಾಡಿದ ಲೆಕ್ಕ. 0.5% ಎಲ್ಲ ಕಡೆ ಒಂದೇ ಅಲ್ಲ. ಪೊಸಿಷನ್ ದೊಡ್ಡದಾದಷ್ಟೂ ಅದು ಏರುತ್ತದೆ.

ಈಗ ಒಂದು ಕಲ್ಪಿತ ಉದಾಹರಣೆ. ಎರಡು ದಿನದಲ್ಲಿ ಬೆಲೆ 100ರಿಂದ 94ಕ್ಕೆ ಬಂದಿದೆ. ಕಾಂಟ್ರಾಕ್ಟ್‌ಗಳು 50,000ದಿಂದ 58,000ಕ್ಕೆ ಏರಿವೆ. ಫಂಡಿಂಗ್ 0.03%. ಗಂಟೆಗಂಟೆಯ ಚಾರ್ಟ್ ನೋಡಿದರೆ ಏರಿಕೆ ದಾರಿಯುದ್ದಕ್ಕೂ ಹರಡಿದೆ, ಹಾಗಾಗಿ ಹೊಸಬರ ಸರಾಸರಿ ಬೆಲೆ ಸುಮಾರು 97 ಅನ್ನೋಣ.

97ಕ್ಕೆ 10 ಪಟ್ಟು ಲಿವರೇಜಿನಲ್ಲಿ ಕೊಂಡವರು ಹೊರಬೀಳುವುದು ಸುಮಾರು 87.8ರಲ್ಲಿ. 20 ಪಟ್ಟಿನವರು 92.6ರಲ್ಲಿ. ಈಗಿನ ಬೆಲೆ 94. ಅಂದರೆ 20 ಪಟ್ಟಿನವರಿಗೂ ಬಾಗಿಲಿಗೂ ನಡುವೆ ಇರುವುದು 1.5% ಮಾತ್ರ. ಕಾಯೋಣ ಅಂದರೆ ಕಾಯುವುದಕ್ಕೂ ಖರ್ಚಿದೆ. ಫಂಡಿಂಗ್ ಲೆಕ್ಕ ಹಾಕುವುದು ಪೂರ್ತಿ ಪೊಸಿಷನ್ ಮೇಲೆ, ಸ್ವಂತ ಹಣದ ಮೇಲಲ್ಲ. 0.03%ಗೆ 20 ಪಟ್ಟು ಅಂದರೆ 8 ಗಂಟೆಗೆ ಮಾರ್ಜಿನ್ನಿನ 0.6%, ದಿನಕ್ಕೆ 1.8%. ಕೂತಲ್ಲೇ ಕರಗುತ್ತದೆ.

ಬೆಲೆ 92.6 ಮುಟ್ಟಿತು ಅನ್ನಿ. ಎಕ್ಸ್‌ಚೇಂಜ್ ಇವರ ಪರವಾಗಿ ಮಾರುತ್ತದೆ. ಆ ಮಾರಾಟ ಬೆಲೆಯನ್ನು ಇನ್ನಷ್ಟು ಕೆಳಗೆ ತಳ್ಳಿ, 18 ಪಟ್ಟು, 15 ಪಟ್ಟಿನವರ ಬಾಗಿಲು ತಟ್ಟುತ್ತದೆ. ಒಂದರ ಹಿಂದೆ ಒಂದು ಇಟ್ಟಿಗೆ ಬಿದ್ದ ಹಾಗೆ.

ಫಂಡಿಂಗ್ ಸೊನ್ನೆಗಿಂತ ಕೆಳಗಿದ್ದಿದ್ದರೆ ಇದೇ ಲೆಕ್ಕವನ್ನು ಶಾರ್ಟ್‌ಗೆ ಹಾಕಬೇಕು. 97ಕ್ಕೆ 20 ಪಟ್ಟಿನಲ್ಲಿ ಮಾರಿದವರು ಹೊರಬೀಳುವುದು 101.4ರಲ್ಲಿ. ಅದು ದೂರದ ಮಾತು. ಆದರೆ ಏರಿಕೆ ದಾರಿಯುದ್ದಕ್ಕೂ ಆಗದೆ, ಕೊನೆಯ ಎರಡು ಮೂರು ಗಂಟೆಯಲ್ಲಿ 94ರ ಆಸುಪಾಸಿನಲ್ಲೇ ಆಗಿದ್ದರೆ ಅವರ ಬಾಗಿಲು 98.2ರಲ್ಲಿದೆ, ಮತ್ತು ಬೆಲೆ 95 ಆದರೆ ಸಾಕು, ಅವರೆಲ್ಲ ನಷ್ಟಕ್ಕೆ ಬಿದ್ದರು. ಶಾರ್ಟ್‌ನವರು ಬಲವಂತವಾಗಿ ಮರಳಿ ಕೊಳ್ಳಬೇಕಾಗಿ ಬಂದು ಬೆಲೆ ಚಿಮ್ಮುವುದೇ ಶಾರ್ಟ್ ಸ್ಕ್ವೀಜ್, ತಡವಾಗಿ ಬಂದ ಶಾರ್ಟ್‌ಗಳೇ ಅದಕ್ಕೆ ಸೌದೆ. ಆದ್ದರಿಂದ ಓಪನ್ ಇಂಟರೆಸ್ಟ್ ಎಷ್ಟು ಏರಿತು ಅನ್ನುವುದರ ಜೊತೆಗೆ ಯಾವ ಬೆಲೆಯಲ್ಲಿ ಏರಿತು ಅಂತಲೂ ಬರೆದಿಟ್ಟುಕೊಳ್ಳಿ.

ಎಲ್ಲಿ ಕೈಕೊಡುತ್ತದೆ

ಓಪನ್ ಇಂಟರೆಸ್ಟ್ ಲಿವರೇಜನ್ನು ಅಳೆಯುವುದಿಲ್ಲ. 58,000 ಕಾಂಟ್ರಾಕ್ಟ್ 2 ಪಟ್ಟಿನವರದ್ದೂ ಆಗಿರಬಹುದು, 20 ಪಟ್ಟಿನವರದ್ದೂ ಆಗಿರಬಹುದು. ಚಾರ್ಟಿನಲ್ಲಿ ಎರಡೂ ಒಂದೇ. ಮೇಲೆ ಹಾಕಿದ 20 ಪಟ್ಟು ನನ್ನ ಊಹೆ, ಯಾರೂ ಕೊಟ್ಟ ಮಾಹಿತಿಯಲ್ಲ. ‘ಲಿಕ್ವಿಡೇಷನ್ ಹೀಟ್‌ಮ್ಯಾಪ್’ ಅಂತ ಬಣ್ಣಬಣ್ಣವಾಗಿ ತೋರಿಸುವ ಸೈಟ್‌ಗಳು ಮಾಡುವುದೂ ಹೆಚ್ಚುಕಡಿಮೆ ಇದೇ ಊಹೆಯನ್ನೇ. ಬಣ್ಣ ನೋಡಿ ಮರುಳಾಗಬೇಡಿ.

ಇನ್ನೊಂದು ದೊಡ್ಡ ತೊಡಕು ಹೆಡ್ಜಿಂಗ್. ಕೈಯಲ್ಲಿ ನಾಣ್ಯ ಇಟ್ಟುಕೊಂಡು, ಬೆಲೆ ಬೀಳುವ ಭಯಕ್ಕೆ ಅಷ್ಟೇ ಫ್ಯೂಚರ್ಸ್ ಮಾರಿದವರೂ ಓಪನ್ ಇಂಟರೆಸ್ಟ್ ಏರಿಸುತ್ತಾರೆ. ಅವರು ಜೂಜಾಡುತ್ತಿಲ್ಲ, ಬೆಲೆ ಏರಿದರೂ ಅವರಿಗೆ ಗಾಬರಿಯಿಲ್ಲ. ಕ್ರಿಪ್ಟೊ ಪರ್ಪೆಚುವಲ್‌ನಲ್ಲಿ ಇವರನ್ನು ಬೇರೆ ಮಾಡಿ ನೋಡಲು ನೇರ ದಾರಿ ಇಲ್ಲ. ಅಮೆರಿಕದ ನಿಯಂತ್ರಿತ ಫ್ಯೂಚರ್ಸ್ ಮಾರುಕಟ್ಟೆಯಲ್ಲಿ ಮಾತ್ರ ಅಲ್ಲಿನ ನಿಯಂತ್ರಕ ಸಂಸ್ಥೆ ಸಿಎಫ್‌ಟಿಸಿ ವಾರಕ್ಕೊಮ್ಮೆ ಇಂಥ ವಿಂಗಡಣೆ ಕೊಡುತ್ತದೆ. ಮಂಗಳವಾರದ ಲೆಕ್ಕ ಸಾಮಾನ್ಯವಾಗಿ ಶುಕ್ರವಾರ ಕೈಗೆ ಸಿಗುತ್ತದೆ. ಗಂಟೆಗಳಲ್ಲಿ ಮುಗಿಯುವ ಲಿಕ್ವಿಡೇಷನ್‌ಗೆ ಅದು ತೀರಾ ತಡ.

ಕೊನೆಯ ಹೆಜ್ಜೆ: ಖಚಿತ ಮಾಡಿಕೊಳ್ಳುವುದು

ಊಹೆ ಸರಿಯಿತ್ತೇ ಅನ್ನುವುದು ಮುಂದಿನ ದೊಡ್ಡ ಚಲನೆಯಲ್ಲಿ ಗೊತ್ತಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಬೆಲೆ 94ರಿಂದ 89ಕ್ಕೆ ಧಡ್ ಅಂತ ಬಿದ್ದು, ಕಾಂಟ್ರಾಕ್ಟ್‌ಗಳು 58,000ದಿಂದ 51,000ಕ್ಕೆ ಇಳಿದು, ಫಂಡಿಂಗ್ ಸೊನ್ನೆಯ ಕೆಳಗೆ ಹೋದರೆ ಸಿಕ್ಕಿಬಿದ್ದಿದ್ದ ಲಾಂಗ್‌ಗಳು ಹೊರಬಿದ್ದರು ಅಂತ ಅರ್ಥ. ಏರಿದ್ದ 8,000ದಲ್ಲಿ 7,000 ಹೋಯಿತು. ಬದಲಿಗೆ ಬೆಲೆ ಮೇಲಕ್ಕೆ ಚಿಮ್ಮಿ ಕಾಂಟ್ರಾಕ್ಟ್ ಕಡಿಮೆಯಾದರೆ ಓಡಿದವರು ಶಾರ್ಟ್‌ಗಳು.

ಗೊಂದಲ ಆಗುವುದು ಬೆಲೆ 89ಕ್ಕೆ ಬಂದರೂ ಕಾಂಟ್ರಾಕ್ಟ್ 57,500ರಲ್ಲೇ ನಿಂತಾಗ. ‘ಇಷ್ಟು ಬಿದ್ದಿದೆ, ತೊಳೆದು ಹೋಗಿರುತ್ತೆ’ ಅಂತ ಜನ ಕೊಳ್ಳಲು ಹೋಗುತ್ತಾರೆ. ಆದರೆ ಅಲ್ಲಿ ಬಹುಪಾಲು ಜಾಗ ಖಾಲಿಯಾಗಿಲ್ಲ. ಒಂದೋ ಲಾಂಗ್‌ಗಳು ಕಡಿಮೆ ಲಿವರೇಜಿನವರು, ಇಲ್ಲವೇ ಮಾರ್ಜಿನ್ ಹಾಕಿ ಹಾಕಿ ಬಾಗಿಲನ್ನು ಕೆಳಕ್ಕೆ ತಳ್ಳಿದ್ದಾರೆ, ಅಥವಾ ಬಿದ್ದವರ ಜಾಗಕ್ಕೆ ಅಷ್ಟೇ ಜನ ಹೊಸಬರು ಬಂದು ಕೂತಿದ್ದಾರೆ. ಫಂಡಿಂಗ್ ಆಗಲೂ 0.03%ರಲ್ಲೇ ಇದ್ದರೆ ನಾನಂತೂ ಕೊಳ್ಳುವುದಿಲ್ಲ. 87.8ರ ಗೆರೆ ಇನ್ನೂ ಕೆಳಗೇ ಇದೆ.