ಒಣಗಿದ ಗಣಪತಿಯೇ ಕರಗೋದು: ಐದಡಿ ಮಣ್ಣಿನ ಮೂರ್ತಿ, ನಾಲ್ಕು ವರ್ಷದ ಪಾಡು

2025ರಲ್ಲಿ ನಮ್ಮ ಬೀದಿಯ ಐದಡಿ ಮಣ್ಣಿನ ಗಣಪತಿಯನ್ನು ರಾತ್ರಿ ಒಂಬತ್ತರ ಸುಮಾರಿಗೆ ನೀರು ತುಂಬಿದ ಗುಂಡಿಗೆ ಬಿಟ್ಟೆವು. ಬೆಳಿಗ್ಗೆ ಆರಕ್ಕೆ ಹೋಗಿ ನೋಡಿದರೆ ನೀರಿನ ಮೇಲೆ ನಾಲ್ಕು ಎಳೆ ತೆಂಗಿನ ನಾರು ಬಿಟ್ಟು ಬೇರೇನೂ ಇರಲಿಲ್ಲ. ‘ಇದು ಆಗೋ ಕೆಲಸ ಅಲ್ಲ, ಟ್ರ್ಯಾಕ್ಟರ್ ಹತ್ತೋ ಮೊದಲೇ ಸೊಂಡಿಲು ಉದುರುತ್ತೆ’ ಅಂತ 2022ರಿಂದ ಹೇಳುತ್ತಿದ್ದವರಲ್ಲಿ ಇಬ್ಬರು ಈಗ ಆರ್ಡರ್ ಕೊಟ್ಟಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಮಣ್ಣು ಸೋಸೋದು, ನೆನೆಹಾಕೋದು, ತುಳಿಯೋದು ಎಲ್ಲ ನಿಮಗೆ ಗೊತ್ತಿರೋದೇ, ಅದನ್ನು ಬಿಡುತ್ತೇನೆ.

ನಮ್ಮದು ತಿಪಟೂರು ಕಡೆ. ಮನೆಯಲ್ಲಿ ಒಂದಡಿ, ಒಂದೂವರೆ ಅಡಿ ಗಣಪ ಮಾಡೋದು ಅಪ್ಪನ ಕಾಲದಿಂದ ಇದೆ. ಕಷ್ಟ ಇರೋದು ಬೀದಿ ಗಣಪತಿಯಲ್ಲಿ. ಹುಡುಗರಿಗೆ ಎತ್ತರ ಬೇಕು, ಎತ್ತರ ಅಂದರೆ ಪಿಒಪಿ. 2020ರಲ್ಲಿ ಕೇಂದ್ರ ಮಾಲಿನ್ಯ ಮಂಡಳಿ ಪಿಒಪಿ ಬೇಡ ಅಂತ ಮಾರ್ಗಸೂಚಿ ತಂದ ಮೇಲೂ ನಮ್ಮ ಕಮಿಟಿಯವರು ಹೊರಗಿನಿಂದ ಒಂಬತ್ತು ಹತ್ತು ಸಾವಿರಕ್ಕೆ ಪಿಒಪಿ ಮೂರ್ತಿಯನ್ನೇ ತರುತ್ತಿದ್ದರು. ಬೇಸಿಗೆಯಲ್ಲಿ ಕೆರೆ ಇಳಿದಾಗ ಆ ಗಣಪತಿಗಳ ಮೊಣಕಾಲು, ಕಿರೀಟ, ಒಳಗಿನ ಕಬ್ಬಿಣದ ಸರಳು, ಥರ್ಮಾಕೋಲು ಎಲ್ಲ ಹೂಳಿನ ಮೇಲೆ ಬಿದ್ದಿರುತ್ತಿತ್ತು. ದನ ಮೇಯಿಸೋ ಹುಡುಗನೊಬ್ಬ ಒಂದು ಕಿವಿ ಎತ್ತಿಕೊಂಡು ಬಂದು ‘ಅಣ್ಣಾ, ಇದು ನಿಮ್ದಾ’ ಅಂತ ಕೇಳಿದ್ದ.

ಮೊದಲ ವರ್ಷ ನಾನು ಮಾಡಿದ ತಪ್ಪು ಎಲ್ಲರೂ ಮಾಡೋದೇ. ಗಟ್ಟಿ ಇರಲಿ ಅಂತ ಒಳಗೆ ನೀಲಗಿರಿ ಗಳ ನಿಲ್ಲಿಸಿ, ಅಡ್ಡ ಪಟ್ಟಿ ಹೊಡೆದು, ಹುಲ್ಲು ಸುತ್ತಿ ಮೇಲೆ ಮಣ್ಣು ಮೆತ್ತಿದೆ. ಕೆರೆ ಜೇಡಿ ಒಣಗುವಾಗ ಅಡಿಗೆ ಹತ್ತಿರ ಹತ್ತಿರ ಒಂದಂಗುಲ ಕುಗ್ಗುತ್ತದೆ. ಮಣ್ಣು ಕುಗ್ಗಿತು, ಒಳಗಿನ ಗಳ ಕುಗ್ಗಲಿಲ್ಲ. ಹೊಟ್ಟೆ ಅಡ್ಡಡ್ಡ ಸೀಳಿತು. ಬಿರುಕಿಗೆ ಹಸಿಮಣ್ಣು ತುಂಬಿದೆ, ಅದು ಒಣಗಿ ಪಕ್ಕದಲ್ಲೇ ಇನ್ನೆರಡು ಬಿರುಕು ಬಂತು. ಒಣಗಿದ ಮಣ್ಣಿಗೆ ಹಸಿಮಣ್ಣು ಕೂರಲ್ಲ ಅಂತ ಗೊತ್ತಿದ್ದೂ ಮಾಡಿದೆ, ಹಬ್ಬಕ್ಕೆ ಇನ್ನು ಐದೇ ದಿನ ಇತ್ತು. ಕೊನೆಗೆ ಶಲ್ಯ ಹೊದಿಸಿ ಕೂರಿಸಿದೆವು. ಹದಿನೆಂಟು ಸಾವಿರಕ್ಕೆ ಒಪ್ಪಿದ್ದರು, ಹನ್ನೆರಡು ಕೊಟ್ಟರು. ಇಬ್ಬರು ಆಳಿನ ಕೂಲಿ, ಒಂದು ಟ್ರ್ಯಾಕ್ಟರ್ ಮಣ್ಣು, ಮರ ಎಲ್ಲ ಸೇರಿ ಕೈಯಿಂದ ನಾಲ್ಕೈದು ಸಾವಿರ ಹೋಯಿತು.

ಮುಂದಿನ ವರ್ಷ ಅಪ್ಪ ಒಂದು ಮಾತು ಹೇಳಿದರು: ‘ಹಿಂದೆ ಆಳೆತ್ತರದ ವಾಡೆ ಮಾಡ್ತಿದ್ರಲ್ಲ, ಅದರೊಳಗೆ ಯಾರಾದ್ರೂ ಗಳ ನಿಲ್ಲಿಸ್ತಿದ್ರಾ?’ ರಾಗಿ ತುಂಬೋ ವಾಡೆ ನೆನಪಿರೋರಿಗೆ ಇಷ್ಟು ಸಾಕು. ಸುರುಳಿ ಮೇಲೆ ಸುರುಳಿ ಇಟ್ಟು, ದಿನಕ್ಕೆ ಒಂದು ಗೇಣು ಮಾತ್ರ ಏರಿಸಿ, ಮೇಲಂಚಿಗೆ ಒದ್ದೆ ಗೋಣಿ ಮುಚ್ಚಿ ಬಿಡೋದು. ಕೆಳಗಿನದು ಸ್ವಲ್ಪ ಬಿಗಿದ ಮೇಲೆ ಮೇಲಿನ ಗೇಣು. ಗೋಡೆ ದಪ್ಪ ಎರಡೂವರೆ ಅಂಗುಲ, ಒಳಗೆಲ್ಲ ಪೊಳ್ಳು. ಎಲ್ಲ ಕಡೆ ಒಂದೇ ದಪ್ಪ ಇರಬೇಕು. ತೊಡೆ ಸೇರೋ ಮೂಲೆಯಲ್ಲಿ ನಮಗೆ ಗೊತ್ತಿಲ್ಲದೆ ನಾಲ್ಕಂಗುಲ ಆಗಿಬಿಡುತ್ತೆ, ಬಿರುಕು ಅಲ್ಲಿಂದಲೇ ಹುಟ್ಟುತ್ತೆ. ಮಣ್ಣಿಗೆ ಹುಲ್ಲಿನ ಬದಲು ತೆಂಗಿನ ನಾರನ್ನು ಬೆರಳುದ್ದ ಕತ್ತರಿಸಿ ಕಲಸಿದೆ. ನಮ್ಮೂರಲ್ಲಿ ನಾರಿಗೇನು ಬರ, ನಾಲ್ಕೈದು ನೂರಕ್ಕೆ ಮೂಟೆ ಬಂತು. ಹುಲ್ಲು ನೀರಲ್ಲಿ ಎರಡೇ ದಿನಕ್ಕೆ ಕೊಳೆತು ನೀರೆಲ್ಲ ಕಪ್ಪಾಗಿ ನಾರುತ್ತೆ, ನಾರು ಹಾಗೆ ಮಾಡಲ್ಲ. ಹಿಂದಿನ ಎರಡು ಕೈಗಳಿಗೆ ಕಬ್ಬಿಣದ ತಂತಿ ಬಿಟ್ಟು ಹುರಿ ಹಗ್ಗ ಕೊಟ್ಟು, ಕೈಗಳನ್ನು ಕಿರೀಟದ ಬದಿಗೆ ಅಂಟಿಸಿದ ಹಾಗೆ ರೂಪಿಸಿದೆ. ಗಾಳಿಯಲ್ಲಿ ಚಾಚಿದ ಕೈ ಬೇಕು ಅನ್ನೋರಿಗೆ ಮಣ್ಣಲ್ಲಿ ಆಗಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ.

2023ರಲ್ಲಿ ಹೀಗೆ ಮಾಡಿದ್ದು ಒಂದು ಕೂದಲೆಳೆ ಬಿರುಕೂ ಇಲ್ಲದೆ ಬಂತು. ಟ್ರ್ಯಾಕ್ಟರ್ ಮೇಲೂ ಹೋಯಿತು. ಅಷ್ಟು ಬೀಗಿದ್ದೆ ನೋಡಿ, ಗುಂಡಿಗೆ ಬಿಟ್ಟ ಮೂರನೇ ದಿನವೂ ಮೂರ್ತಿ ಹಾಗೇ ಕೂತಿತ್ತು. ಮೇಲಿನ ಒಂದು ಪದರ ಜಾರಿತ್ತು ಅಷ್ಟೆ. ಕಮಿಟಿ ಹುಡುಗರು ‘ಅಣ್ಣ ಸಿಮೆಂಟ್ ಹಾಕಿದೀರಾ’ ಅಂತ ನಗಾಡಿದರು. ಕೊನೆಗೆ ನಾನೇ ಗುಂಡಿಗಿಳಿದು ಕಣ್ಣಲ್ಲಿ ನೀರು ಹಾಕಿಕೊಂಡು ಕೈಯಿಂದ ಮುರಿಯಬೇಕಾಯಿತು. ಮುರಿದಾಗ ಗೊತ್ತಾಯಿತು, ಗೋಡೆಯ ಒಳಮೈ ಇನ್ನೂ ಹಸಿ. ಚಾಕು ಇಟ್ಟರೆ ಬೆಣ್ಣೆಯ ಹಾಗೆ ಇಳಿಯುತ್ತಿತ್ತು.

ಈ ಬರಹಕ್ಕೆ ಮುಖ್ಯವಾದ ಮಾತು ಇದು. ಮೂಳೆ ಹಾಗೆ ಒಣಗಿದ ಮಣ್ಣು ನೀರು ಕುಡಿದ ಕೂಡಲೇ ಉದುರುತ್ತೆ, ಅರೆಹಸಿ ಮಣ್ಣು ಕರಗಲ್ಲ. ಒಣ ಮಣ್ಣಿನ ಸಂದುಗಳಲ್ಲಿ ಗಾಳಿ ಇರುತ್ತೆ. ನೀರು ನುಗ್ಗಿದಾಗ ಆ ಗಾಳಿ ಒಳಗೇ ಸಿಕ್ಕಿಬಿದ್ದು ಮಣ್ಣನ್ನು ಒಡೆದುಕೊಂಡು ಆಚೆ ಬರುತ್ತೆ. ಹಸಿ ಇದ್ದರೆ ಆ ಜಾಗದಲ್ಲೆಲ್ಲ ಆಗಲೇ ನೀರಿದೆ, ಹೊಸ ನೀರಿಗೆ ದಾರಿಯೇ ಇಲ್ಲ. ಅನುಮಾನ ಇದ್ದರೆ ಬಕೆಟ್ಟಲ್ಲಿ ನೋಡಿ. ಮೂರ್ತಿ ಮಾಡೋ ದಿನವೇ ಅದೇ ಮಣ್ಣಲ್ಲಿ ಅದೇ ಎರಡೂವರೆ ಅಂಗುಲ ದಪ್ಪದ ನಾಲ್ಕಾರು ಬಿಲ್ಲೆ ತಟ್ಟಿ ಮೂರ್ತಿ ಪಕ್ಕದಲ್ಲೇ ಇಡಿ. ಹಬ್ಬಕ್ಕೆ ವಾರ ಇರುವಾಗ ಒಂದನ್ನು ನೀರಿಗೆ ಹಾಕಿ. ಒಣಗಿದ್ದರೆ ಸರ್ರಂತ ಗುಳ್ಳೆ ಎದ್ದು, ಅಂಚಿನಿಂದ ಹಾಳೆ ಹಾಳೆಯಾಗಿ ಬಿದ್ದು, ಒಂದೆರಡು ಗಂಟೆಗೆ ಗುಡ್ಡೆ ಮಣ್ಣಾಗುತ್ತೆ. ಹಸಿ ಇದ್ದರೆ ಮಾರನೇ ದಿನವೂ ಬಿಲ್ಲೆ ಬಿಲ್ಲೆಯಾಗೇ ಇರುತ್ತೆ. ಆದರೆ ಬಿಲ್ಲೆಗೆ ಎರಡೂ ಕಡೆ ಗಾಳಿ, ಮೂರ್ತಿಗೆ ಹೊರಗೆ ಮಾತ್ರ. ಹಾಗಾಗಿ ಬಿಲ್ಲೆ ಒಣಗಿದ ಮೇಲೂ ಮೂರ್ತಿಗೆ ಇನ್ನೊಂದಿಷ್ಟು ದಿನ ಬೇಕು.

ಆಷಾಢ, ಶ್ರಾವಣದ ಜಡಿಮಳೆಯಲ್ಲಿ ಒಳಮೈ ಒಣಗಿಸೋದು ಹೇಗೆ? ಫ್ಯಾನ್ ಹಾಕಿದರೆ ಹೊರಮೈ ಮೊದಲು ಬಿಗಿದು ಸೀಳುತ್ತೆ. ಬಾಣಲೆಯಲ್ಲಿ ಕೆಂಡ ಇಟ್ಟು ನೋಡಿದೆ, ಒಂದು ಪುಟ್ಟ ಮೂರ್ತಿ ಬಲಿಯಾಯಿತು. ಕೊನೆಗೆ ಕೈಹಿಡಿದಿದ್ದು ಹಳೇ ತಂತಿ ಬಲ್ಬು. ಮೂರ್ತಿ ಕೂರಿಸೋ ಹಲಗೆಗೆ ಅಂಗೈಯಗಲ ತೂತು, ಬೆನ್ನಿನ ಮೇಲ್ಭಾಗದಲ್ಲಿ ಇನ್ನೊಂದು ತೂತು. ಕೆಳಗಿನಿಂದ 60 ವಾಟಿನ ಬಲ್ಬು ಒಳಗೆ ತೂಗಿಬಿಟ್ಟರೆ ಬಿಸಿಗಾಳಿ ಮೇಲೆದ್ದು ಬೆನ್ನಿನಿಂದ ಆಚೆ ಹೋಗುತ್ತೆ. ಮೊದಲ ಹದಿನೈದು ದಿನ ಬಲ್ಬು ಮುಟ್ಟಬಾರದು, ಹೊರಮೈ ತನ್ನಷ್ಟಕ್ಕೆ ಬಣ್ಣ ತಿಳಿಯಾದ ಮೇಲೆ ಹಚ್ಚಬೇಕು. ಬಲ್ಬು ಗೋಡೆಗೂ ನಾರಿಗೂ ತಾಗದಂತೆ ನೋಡಿಕೊಳ್ಳಿ. ಬೆಳಿಗ್ಗೆ ಬೆನ್ನಿನ ತೂತಿಗೆ ತಣ್ಣನೆ ಸ್ಟೀಲ್ ತಟ್ಟೆ ಮುಚ್ಚಿ ಎರಡು ನಿಮಿಷ ಬಿಟ್ಟು ತೆಗೆದರೆ ತಟ್ಟೆಗೆ ಬೆವರು ಕಟ್ಟಿರುತ್ತೆ. ಬೆವರು ನಿಂತ ದಿನ ಒಣಗಿತು ಅಂತ ಲೆಕ್ಕ. 2025ರ ಹಬ್ಬ ಆಗಸ್ಟ್ 27ಕ್ಕೇ ಬಂದಿದ್ದರಿಂದ ಜೂನ್ ಕೊನೆಗೇ ಮೂರ್ತಿ ಎಬ್ಬಿಸಿದ್ದೆ. ಬಲ್ಬು ಹನ್ನೆರಡು ದಿನ ಉರಿಯಿತು. ತೂತಿಗೆ ಕೊನೆಯಲ್ಲಿ ಹಾಕೋ ಮುಚ್ಚಳವನ್ನೂ ಮೊದಲೇ ಮಾಡಿ ಜೊತೆಗೇ ಒಣಗಿಸಿ.

ಇನ್ನು 2024. ಮೂರ್ತಿ ಒಣಗಿತ್ತು, ಕೆಟ್ಟಿದ್ದು ಬಣ್ಣದಲ್ಲಿ. ತಳಕ್ಕೆ ಬಿಳಿ ಬೇಕು ಅಂತ ಸುಣ್ಣ ಬಳಿದೆ, ಅದರ ಮೇಲೆ ಪೀತಾಂಬರಕ್ಕೆ ಅರಿಶಿನ. ಬಳಿಯುತ್ತಿದ್ದ ಹಾಗೇ ಪೀತಾಂಬರ ರಕ್ತಾಂಬರ ಆಯಿತು! ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಓಕುಳಿ ಅಂತ ಮನೆಯ ಮಕ್ಕಳಿಗೂ ಗೊತ್ತು, ನನಗೆ ಹೊಳೆಯಲಿಲ್ಲ. ನನ್ನ ಹೆಂಡತಿ ಈಗಲೂ ನೆನೆಸಿಕೊಂಡು ನಗುತ್ತಾಳೆ. ಸೀಮೆಸುಣ್ಣ ಕುಟ್ಟಿ ಹಾಕೋಣ ಅಂದರೆ ಶಾಲೆಯ ಸೀಮೆಸುಣ್ಣದಲ್ಲಿ ಬಹಳಷ್ಟು ಪಿಒಪಿಯದೇ ಜಾತಿ. ಈಗ ತಳಕ್ಕೆ ನಾಮದ ಬಿಳಿಮಣ್ಣು, ಕೆಂಪಿಗೆ ಹೊಸಿಲಿಗೆ ಬಳಿಯೋ ಕೆಮ್ಮಣ್ಣು, ಕಪ್ಪಿಗೆ ದೀಪದ ಮಸಿ. ಅರಿಶಿನ ಬಿಸಿಲಿಗೆ ಮೂರೇ ದಿನಕ್ಕೆ ಮಂಕಾಗುತ್ತೆ, ಅದನ್ನು ಹಬ್ಬದ ಹಿಂದಿನ ರಾತ್ರಿಯೇ ಬಳಿಯೋದು. ಅಂಟಿಗೆ ಹುಣಸೆ ಬೀಜದ ಸರಿ, ಕಿನ್ನಾಳದ ಗೊಂಬೆಯವರು ಬಳಸೋದು. ಸರಿ ಗಟ್ಟಿಯಾದರೆ ಬಣ್ಣ ಒಣಗಿ ಸಿಪ್ಪೆ ಏಳುತ್ತೆ, ನೀರಾದರೆ ಕೈಗೆ ಮೆತ್ತುತ್ತೆ. ಬೀಜಕ್ಕೆ ನೀರು ಎಷ್ಟು, ಮುಖಕ್ಕೆ ಆ ನುಣುಪು ಎಲ್ಲಿಂದ ಬರುತ್ತೆ ಅನ್ನೋ ಎರಡು ವಿಷಯ ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡು.

ಅದೇ ವರ್ಷ ಇನ್ನೊಂದು ಎಡವಟ್ಟು. ಹಬ್ಬದ ಹಿಂದಿನ ರಾತ್ರಿ ನಾನು ಮನೆಗೆ ಹೋದ ಮೇಲೆ ಹುಡುಗರು ಮೂರ್ತಿ ‘ಮಂಕಾಗಿದೆ’ ಅಂತ ವಾರ್ನಿಷ್ ಸ್ಪ್ರೇ ಹೊಡೆದು ಚಮಕಿ ಉದುರಿಸಿದ್ದರು. ಸ್ಪ್ರೇ ಬಿದ್ದಿದ್ದ ಎದೆ, ಹೊಟ್ಟೆ ಗುಂಡಿಯಲ್ಲಿ ಎರಡು ದಿನ ಹಾಗೇ ನಿಂತಿತ್ತು, ಸ್ಪ್ರೇ ತಾಗದ ಬೆನ್ನು ರಾತ್ರಿಗೇ ಹೋಗಿತ್ತು. ಆಮೇಲೆ ಅವರಿಗೆ ಮಿಂಚು ಬೇಕಿದ್ದರೆ ಮೂರ್ತಿಯ ಮೇಲಲ್ಲ ಅಂತ ಒಪ್ಪಂದ ಆಯಿತು. ಪ್ರಭಾವಳಿ, ಕಿರೀಟದ ಪಟ್ಟಿ, ಕರ್ಣಕುಂಡಲ ಎಲ್ಲ ಈಗ ಅಡಿಕೆ ಹಾಳೆಯದು. ರಾತ್ರಿ ನೆನೆಸಿ, ಬೆಳಿಗ್ಗೆ ಬಗ್ಗಿಸಿ ಕಲ್ಲು ಹೇರಿದರೆ ಒಣಗಿದ ಮೇಲೆ ಆ ಆಕಾರ ಬಿಡಲ್ಲ. ಬಿಡುವ ಮುನ್ನ ಬಿಚ್ಚಿಕೊಂಡು ಸೌದೆ ಒಲೆ ಮೇಲಿನ ಅಟ್ಟಕ್ಕೆ ಸೇರಿಸುತ್ತೇವೆ, ಹೊಗೆಗೆ ಬೂಷ್ಟು ಬರಲ್ಲ. ಥರ್ಮಾಕೋಲ್ ಮಂಟಪದ ಬದಲು ತೆಂಗಿನ ಗರಿ ಹೆಣೆದು ಚಪ್ಪರ. ಗರಿ ಮೂರನೇ ದಿನಕ್ಕೆ ಒಣಗುತ್ತೆ, ಸೀರಿಯಲ್ ಲೈಟು ಅದರ ಮೇಲೆ ಬಿಡಬೇಡಿ, ಮುಂದಿನ ಬಿದಿರಿಗೆ ಕಟ್ಟಿ. ಮಂಟಪಕ್ಕೆ ಏಳೆಂಟು ಸಾವಿರ ಆಗುತ್ತಿದ್ದದ್ದು ಎರಡು ಸಾವಿರದೊಳಗೆ ಮುಗಿಯಿತು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ಪಿಒಪಿ ಮೂರ್ತಿಯನ್ನು ಅಮೋನಿಯಂ ಬೈಕಾರ್ಬೊನೇಟ್ ನೀರಲ್ಲಿ ಕರಗಿಸೋ ದಾರಿ ತೋರಿಸಿದ್ದಾರಲ್ಲ, ಬೇಕರಿಯವರು ಹಾಕೋ ಅಮೋನಿಯಾ ಪುಡಿ ಅದೇ. ಮೂರು ಕೆಜಿಯ ಹಳೇ ಮೂರ್ತಿಗೆ ಮೂರು ಕೆಜಿ ಪುಡಿ ಹಾಕಿದೆ. ಮೇಲೆ ಬಿಳಿ ಪೊರೆ ಕಟ್ಟಿ ನಿಲ್ಲುತ್ತಿತ್ತು, ದಿನಕ್ಕೆರಡು ಸಲ ಕದಡಿದ ಮೇಲೆ ನಾಲ್ಕೈದು ದಿನಕ್ಕೆ ಮುಗಿಯಿತು. ವಾಸನೆಗೆ ಪಕ್ಕದ ಮನೆಯವರು ಜಗಳಕ್ಕೇ ಬಂದರು. ಮನೆ ಮೂರ್ತಿಗೆ ಸರಿ, ಐದಡಿಗೆ ಮೂಟೆಗಟ್ಟಲೆ ಪುಡಿ ಯಾರು ತರ್ತಾರೆ?

ಗುಂಡಿ ಲೆಕ್ಕ: ಕೆರೆ ಏರಿಯ ಕೆಳಗೆ ಎಂಟಡಿ ಚೌಕ, ನಾಲ್ಕಡಿ ಆಳ, ಟಾರ್ಪಾಲು ಹಾಸಿ ಒಂದು ದೊಡ್ಡ ಟ್ಯಾಂಕರ್ ನೀರು ಬಿಟ್ಟರೆ ಮೂರಡಿ ನಿಲ್ಲುತ್ತೆ. ‘ದೇವರನ್ನ ಗುಂಡಿಗೆ ಹಾಕ್ತೀರೇನ್ರಯ್ಯಾ’ ಅಂತ ಹಿರಿಯರೊಬ್ಬರು ಎದ್ದು ಹೋಗುವವರಿದ್ದರು. ಪೂಜೆ ಮಾಡೋ ಅಯ್ಯನವರೇ ಐದು ಕೊಡ ಕೆರೆ ನೀರು ತಂದು ಸುರಿಸಿ, ಗಂಗೆಪೂಜೆ ಮಾಡಿ ಸಮಾಧಾನ ಮಾಡಿದರು. ಮೂರ್ತಿ ಸುಮಾರು ಮೂರೂವರೆ ಕ್ವಿಂಟಾಲ್, ಹಲಗೆಗೆ ಹಗ್ಗ ಹಾಕಿ ಹತ್ತು ಜನ ಇಳಿಸಿದರು. ಕೆಳಗಿನ ತೂತಿನಿಂದ ನೀರು ಒಳಗೂ ನುಗ್ಗುತ್ತೆ, ಎರಡೂ ಕಡೆಯಿಂದ ಮಣ್ಣು ಬಿಚ್ಚುತ್ತೆ. ಅರ್ಧ ಗಂಟೆಯಲ್ಲಿ ಪೀಠ ಕುಸಿದು, ನೀರಿನಿಂದ ಮೇಲಿದ್ದ ಮುಖ ಮೆಲ್ಲಗೆ ಮುಂದೆ ಬಾಗಿ ತಾನೇ ಮುಳುಗಿತು. ಎದ್ದು ಹೋಗುತ್ತೇನೆ ಅಂದಿದ್ದ ಹಿರಿಯರೇ ಮೊದಲು ಕೈ ಮುಗಿದದ್ದು.

ಎರಡು ದಿನ ಬಿಟ್ಟು ತಿಳಿನೀರನ್ನು ಪೈಪಲ್ಲಿ ತೆಂಗಿನ ಮರಕ್ಕೆ ಹರಿಸಿದೆವು. ಅಡಿಯ ಕೆಸರು ವಾರ ಒಣಗಿ ಹದಕ್ಕೆ ಬಂದಾಗ ಗಾಡಿಗೆ ತುಂಬಿಸಿಕೊಂಡು ಬಂದೆ. ಹೋದದ್ದರಲ್ಲಿ ಮುಕ್ಕಾಲು ಪಾಲು ವಾಪಸ್ ಬಂತು, ನಾರೂ ಅದರಲ್ಲೇ ಇದೆ. ಮಣ್ಣು ವಾಪಸ್ ಸಿಕ್ಕಿದರೆ ಕಮಿಟಿಗೆ ಸಾವಿರ ರೂಪಾಯಿ ಬಿಡುತ್ತೇನೆ. ಈಗ ಮೂರ್ತಿಗೆ ಇಪ್ಪತ್ತೆರಡು ಸಾವಿರ ತಗೊಳ್ಳುತ್ತೇನೆ, ಎಂಟರ ಹತ್ತಿರ ಉಳಿಯುತ್ತೆ. ಏಳಡಿ ಕೇಳಿದವರಿಗೆ ಇಲ್ಲ ಅಂದೆ. ಆ ಎತ್ತರಕ್ಕೆ ಗೋಡೆ ದಪ್ಪ ಮಾಡಬೇಕು, ದಪ್ಪ ಮಾಡಿದರೆ ನಮ್ಮ ಮಳೆಯಲ್ಲಿ ಒಣಗಲ್ಲ.

ಹಳೇ ಮಣ್ಣು ಹೊಸದಕ್ಕಿಂತ ಬೆಣ್ಣೆ. ಮೊನ್ನೆ ತುಳಿಯುವಾಗ ಪಾದದಡಿ ಏನೋ ಮಿಣಕ್ ಅಂತು. ಬಗ್ಗಿ ನೋಡಿದರೆ 2024ರ ಚಮಕಿ.