ಲೆಕ್ಕ ಸರಿಯಿತ್ತು, ಮೊಟ್ಟೆ ಬೇರೆಯಾಗಿತ್ತು

ದಾವಣಗೆರೆ ವಿದ್ಯಾನಗರದ ನಮ್ಮ ಮನೆಯ ಹಿತ್ತಲಲ್ಲಿ ಒಂದು ಹಳೇ ಬೇವಿನ ಮರ ಇದೆ. ಪ್ರತಿ ಬೇಸಿಗೆ ಅದರಲ್ಲಿ ಕಾಗೆ ಗೂಡು ಕಟ್ಟುತ್ತದೆ. ಕಡ್ಡಿ ಜೊತೆಗೆ ತಂತಿ ತುಂಡು, ಹರಿದ ನೂಲು ಎಲ್ಲಾ ಸೇರಿಸಿ ಹೆಣೆದ ಗೂಡು. ತಾರಸಿ ಮೇಲೆ ನಿಂತರೆ ಗೂಡು ಹತ್ತು ಅಡಿ ದೂರ, ತಲೆಗಿಂತ ಸ್ವಲ್ಪ ಮೇಲೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ನನಗೆ ಒಂದು ಆಸೆ ಇತ್ತು. ಕೋಗಿಲೆ ಕಾಗೆ ಗೂಡಿನಲ್ಲಿ ಮೊಟ್ಟೆ ಇಡುತ್ತದೆ ಅಂತ ಮಕ್ಕಳಿಗೆ ಹೇಳ್ತೀನಿ, ಒಂದು ಸಲವಾದರೂ ಅದನ್ನ ಕಣ್ಣಾರೆ ನೋಡಬೇಕು ಅಂತ.

ಮೊದಲ ವರ್ಷ ನಾನು ಮಾಡಿದ್ದು ಇಷ್ಟೇ. ಮಾವಿನಕಾಯಿ ಕೀಳುವ ದೋಟಿಯ ತುದಿಗೆ ಒಂದು ಸಣ್ಣ ಕನ್ನಡಿ ಕಟ್ಟಿದೆ. ದಿನಾ ಬೆಳಿಗ್ಗೆ, ಕಾಗೆ ಗೂಡು ಬಿಟ್ಟು ಎದ್ದಾಗ, ಕನ್ನಡಿ ಚಾಚಿ ಮೊಟ್ಟೆ ಎಣಿಸಿ ಪುಸ್ತಕದಲ್ಲಿ ಬರೆದುಕೊಂಡೆ. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಕೊನೆವರೆಗೂ ನಾಲ್ಕೇ. ಈ ಸಲ ಕೋಗಿಲೆ ಬರಲಿಲ್ಲ ಅಂತ ಬೇಸರ ಮಾಡಿಕೊಂಡೆ. ಜೂನ್ ತಿಂಗಳಲ್ಲಿ ನೋಡಿದರೆ ಅದೇ ಗೂಡಿನಿಂದ ಕೋಗಿಲೆ ಮರಿ ಹೊರಗೆ ಬಂತು!

ಎಲ್ಲಿ ತಪ್ಪಿದೆ ಅನ್ನೋದು ತಿಳಿದದ್ದು ಆಮೇಲೆ. ಹೆಣ್ಣು ಕೋಗಿಲೆ ತನ್ನ ಮೊಟ್ಟೆ ಇಡುವ ಮುಂಚೆ ಎಷ್ಟೋ ಸಲ ಕಾಗೆಯ ಒಂದು ಮೊಟ್ಟೆಯನ್ನ ತೆಗೆದುಬಿಡುತ್ತದೆ. ಒಂದು ಹೋಯಿತು, ಒಂದು ಬಂತು. ಎಣಿಸುವವರಿಗೆ ಲೆಕ್ಕ ಸರಿಯಾಗೇ ಇರುತ್ತದೆ. ಪಕ್ಕದ ಮನೆ ಅಜ್ಜ ಈ ಕತೆ ಕೇಳಿ, "ಅಲ್ಲ ಮೇಷ್ಟ್ರೇ, ನೀವಂತೂ ಎಣಿಸಿದ್ರಿ. ಆ ಕಾಗಿಗೆ ತನ್ನ ಮೊಟ್ಟಿ ಯಾವುದು ಅಂತ ಗೊತ್ತಾಗಾದಿಲ್ಲೇನು? ಅಷ್ಟು ಶ್ಯಾಣ್ಯಾ ಹಕ್ಕಿ ಅದು" ಅಂದರು. ಆ ಪ್ರಶ್ನೆ ನನ್ನನ್ನ ಬಿಡಲಿಲ್ಲ.

ಎರಡನೇ ವರ್ಷ, 2023ರಲ್ಲಿ, ಕನ್ನಡಿ ತೆಗೆದು ದೋಟಿಗೆ ಹಳೇ ಮೊಬೈಲ್ ಕಟ್ಟಿದೆ. ಗೂಡಿನೊಳಗೆ ಕೈ ಹಾಕುವ, ಮೊಟ್ಟೆಗೆ ಗುರುತು ಮಾಡುವ ಕೆಲಸ ಮಾಡಲಿಲ್ಲ. ಅನುಮತಿ ಇಲ್ಲದೆ ಅದನ್ನ ಮಾಡಲೂಬಾರದು. ಗೂಡಿನ ಹತ್ತಿರ ಒಂದು ನಿಮಿಷಕ್ಕಿಂತ ಜಾಸ್ತಿ ನಿಲ್ಲಲಿಲ್ಲ, ಗಲಾಟೆ ಕೇಳಿ ಹದ್ದು ಬಂದರೆ ಗೂಡೇ ಹೋಗುತ್ತದೆ. ತಲೆಗೆ ಹೆಲ್ಮೆಟ್ ಬೇಕೇ ಬೇಕು, ಕಾಗೆ ಹಿಂದಿನಿಂದ ಬಂದು ಕುಕ್ಕುತ್ತದೆ. ಮುಖ್ಯವಾದ ಬದಲಾವಣೆ ಅಂದರೆ ಎಣಿಸುವುದನ್ನ ಬಿಟ್ಟು ಪ್ರತಿ ಮೊಟ್ಟೆಯ ಮೈಮೇಲಿನ ಚುಕ್ಕೆಗಳನ್ನ ನೋಡತೊಡಗಿದೆ. ಮೊದಲ ಮೊಟ್ಟೆ ಇಟ್ಟ ದಿನದಿಂದಲೇ ಫೋಟೋ ತೆಗೆದು, ಒಂದೊಂದಕ್ಕೂ ಅ, ಆ, ಇ ಅಂತ ಹೆಸರಿಟ್ಟೆ. ದಪ್ಪ ತುದಿಯಲ್ಲಿ ಎಷ್ಟು ಕಲೆ, ಗೀರು ಎತ್ತ ಕಡೆ ಇದೆ ಅಂತ ಪಕ್ಕದಲ್ಲಿ ಚಿತ್ರ ಬರೆದುಕೊಂಡೆ.

ಮೇ 9ಕ್ಕೆ ಅ, 10ಕ್ಕೆ ಆ, 11ರ ಬೆಳಿಗ್ಗೆ ಇ. ಅವತ್ತು ಮಧ್ಯಾಹ್ನ ಊಟಕ್ಕೆ ಕೂತಿದ್ದೆ. ಗಂಡು ಕೋಗಿಲೆ ಮರದ ಹತ್ತಿರದ ವಿದ್ಯುತ್ ತಂತಿ ಮೇಲೆ ಕೂತು ಒಂದೇ ಸಮನೆ ಕಿರುಚುತ್ತಿತ್ತು. ಎರಡೂ ಕಾಗೆಗಳು ಅದನ್ನ ಅಟ್ಟಿಸಿಕೊಂಡು ಹೋದವು. ನಾನು ತಾರಸಿ ಹತ್ತುವಷ್ಟರಲ್ಲಿ ಮೈತುಂಬ ಬಿಳಿ ಚುಕ್ಕೆಯ ಕಂದು ಹಕ್ಕಿ, ಹೆಣ್ಣು ಕೋಗಿಲೆ, ಎಲೆಗಳ ನಡುವಿನಿಂದ ಜಾರಿಕೊಂಡಿತು. ಫೋಟೋ ತೆಗೆದೆ. ಗೂಡಿನಲ್ಲಿ ಮೂರು ಮೊಟ್ಟೆ. ಬೆಳಿಗ್ಗೆಯೂ ಮೂರು. ಆದರೆ ‘ಆ’ ಮೊಟ್ಟೆ ಇರಲಿಲ್ಲ. ಅದರ ಜಾಗದಲ್ಲಿ ಹೊಸದೊಂದು ಕೂತಿತ್ತು. ಕಾಗೆ ಮೊಟ್ಟೆ ತಿಳಿ ನೀಲಿ ಹಸಿರು, ಅದರ ಮೇಲೆ ಕಂದು ಗೀರು. ಇದು ಬೂದು ಬೆರೆತ ಹಸಿರು, ಕಲೆಗಳು ಸ್ವಲ್ಪ ಕೆಂಪು. ಅಳತೆಯಲ್ಲೂ ಚಿಕ್ಕದು. ಕಾಗೆ ಮೊಟ್ಟೆ ಸುಮಾರು 37 ಮಿ.ಮೀ. ಉದ್ದ ಇದ್ದರೆ ಕೋಗಿಲೆಯದು 31ರ ಆಸುಪಾಸು. 12ರ ಬೆಳಿಗ್ಗೆ ಕಾಗೆ ತನ್ನ ಕೊನೇ ಮೊಟ್ಟೆ ‘ಈ’ ಇಟ್ಟಿತು. ಅಲ್ಲಿಗೆ ಮತ್ತೆ ನಾಲ್ಕು.

ಇನ್ನು ಒಂದು ವಾರ ಕಾಗೆ ಏನು ಮಾಡುತ್ತದೆ ಅಂತ ದಿನಕ್ಕೆರಡು ಸಲ ನೋಡಿದೆ. ಇಲ್ಲಿ ಗಮನ ಬೇಕು. ಎಲ್ಲಾ ಮೊಟ್ಟೆ ಒಟ್ಟಿಗೆ ಮಾಯವಾದರೆ ಬೇಟೆಯಾಡುವ ಪ್ರಾಣಿಯ ಕೆಲಸ ಇರಬಹುದು. ಮೊಟ್ಟೆಗಳು ಇದ್ದು, ತಣ್ಣಗಾಗಿ, ಹಕ್ಕಿ ಬರದೇ ಹೋದರೆ ಗೂಡು ಬಿಟ್ಟಿದೆ ಅಂತ ಅರ್ಥ. ಆದರೆ ಅದು ಕೋಗಿಲೆಯಿಂದಲೋ ನಮ್ಮ ದೋಟಿಯ ಕಾಟದಿಂದಲೋ ಹೇಳಲು ಬರುವುದಿಲ್ಲ. ಬೇರೆ ಹಕ್ಕಿಯ ಮೊಟ್ಟೆ ಒಂದೇ ಹೋಗಿ, ತನ್ನವೆಲ್ಲ ಉಳಿದು, ಕಾವು ಮುಂದುವರಿದರೆ ಮಾತ್ರ ಗುರುತಿಸಿ ಹೊರಹಾಕಿದೆ ಅನ್ನಬಹುದು. ನಮ್ಮ ಕಾಗೆ ಹಾಗೇನೂ ಮಾಡಲಿಲ್ಲ. ನಾಲ್ಕರ ಮೇಲೂ ಕೂತಿತು.

ಅಜ್ಜನ ಪ್ರಶ್ನೆಗೆ ನನಗೆ ಉತ್ತರದ ದಾರಿ ಸಿಕ್ಕಿದ್ದು ನನ್ನದೇ ಇನ್ನೊಂದು ತಪ್ಪಿನಿಂದ. ಅದೇ ಬೇಸಿಗೆ ಬೀದಿಯ ಕೊನೆಯ ಹುಣಸೆ ಮರದಲ್ಲೂ ಒಂದು ಗೂಡು ನೋಡುತ್ತಿದ್ದೆ. ಅಲ್ಲಿ ಮೊದಲ ದಿನದಿಂದ ಫೋಟೋ ಇರಲಿಲ್ಲ, ಮೊಟ್ಟೆಗಳೆಲ್ಲ ಇಟ್ಟ ಮೇಲೆ ಶುರು ಮಾಡಿದ್ದೆ. ಒಂದು ಮೊಟ್ಟೆ ಚಿಕ್ಕದು, ಬಣ್ಣವೂ ಮಂಕು. ಕೋಗಿಲೆಯದೇ ಅಂತ ಪುಸ್ತಕದಲ್ಲಿ ಬರೆದೆ. ಎರಡು ದಿನ ಆದಮೇಲೆ ಇನ್ನೊಂದು ಮಗ್ಗುಲಿನ ಫೋಟೋ ಸಿಕ್ಕಿತು. ಆ ಮೊಟ್ಟೆ ಗೂಡಿನ ತಳದಲ್ಲಿ ತುದಿ ಮೇಲಾಗಿ ನಿಂತಿತ್ತು, ಅದಕ್ಕೇ ಚಿಕ್ಕದಾಗಿ ಕಂಡಿತ್ತು. ಬಣ್ಣ ಮಂಕು ಇದ್ದರೂ ಗೀರುಗಳೆಲ್ಲ ಕಾಗೆಯವೇ. ಒಂದೇ ಕಾಗೆಯ ಮೊಟ್ಟೆಗಳಲ್ಲೇ ಒಂದು ನೀಲಿ, ಒಂದು ಮಂಕು, ಒಂದಕ್ಕೆ ಕಲೆ ಜಾಸ್ತಿ, ಒಂದಕ್ಕೆ ಕಡಿಮೆ ಇರುತ್ತದೆ.

ನಾನು ಬರೆದದ್ದನ್ನ ಅಳಿಸಿದೆ, ಅಷ್ಟಕ್ಕೆ ಮುಗೀತು. ಕಾಗೆ ಅದೇ ತಪ್ಪು ಮಾಡಿದ್ದರೆ? ತನ್ನ ಮರಿಯನ್ನ ತಾನೇ ಎತ್ತಿ ಎಸೆದ ಹಾಗೆ, ಅಲ್ವಾ. ಹೊರಗಿನ ಮೊಟ್ಟೆ ಗುರುತಿಸುವ ಗುಣ ಒಂದು ಹಕ್ಕಿಯ ವಂಶದಲ್ಲಿ ಬೆಳೆಯಬೇಕಾದರೆ, ಸರಿಯಾಗಿ ಗುರುತಿಸಿದಾಗ ಸಿಗುವ ಲಾಭ ತಪ್ಪಾದಾಗ ಆಗುವ ನಷ್ಟಕ್ಕಿಂತ ದೊಡ್ಡದಿರಬೇಕು.

ಯುರೋಪಿನ ಕೋಗಿಲೆ, ಅಂದರೆ ಕುಕ್ಕೂ, ಇರುವ ಕಡೆ ಆ ಲಾಭ ತುಂಬ ದೊಡ್ಡದು. ಅಲ್ಲಿ ಕುಕ್ಕೂ ಮರಿ ಹುಟ್ಟಿದ ಸ್ವಲ್ಪ ಹೊತ್ತಿಗೇ ಬೆನ್ನಿನ ಮೇಲೆ ಬೇರೆ ಮೊಟ್ಟೆಗಳನ್ನ ಹೊತ್ತು ಗೂಡಿನಿಂದ ಆಚೆ ತಳ್ಳುತ್ತದೆ. ಎಡ್ವರ್ಡ್ ಜೆನ್ನರ್ ಇದನ್ನ 1788ರಲ್ಲೇ ಬರೆದಿದ್ದಾರೆ. ಸಿಡುಬಿನ ಲಸಿಕೆ ಕಂಡುಹಿಡಿದ ಅದೇ ಜೆನ್ನರ್. ಕುಕ್ಕೂ ಬಂತು ಅಂದರೆ ಆ ಗೂಡಿನ ಅಷ್ಟೂ ಸಂಸಾರ ಹೋಯಿತು. ಹಾಗಾಗಿ ಜೊಂಡಿನಲ್ಲಿ ಗೂಡು ಕಟ್ಟುವ ರೀಡ್ ವಾರ್ಬ್ಲರ್ ಎಂಬ ಪುಟ್ಟ ಹಕ್ಕಿಗೆ ಮೊಟ್ಟೆ ನೋಡುವ ಕಣ್ಣು ಬಂದಿದೆ. 1980ರ ದಶಕದಲ್ಲಿ ನಿಕ್ ಡೇವಿಸ್ ಮತ್ತು ಮೈಕಲ್ ಬ್ರೂಕ್ ಇಂಗ್ಲೆಂಡಿನ ವಿಕೆನ್ ಫೆನ್‌ನಲ್ಲಿ ಬಣ್ಣ ಬಳಿದ ನಕಲಿ ಮೊಟ್ಟೆಗಳನ್ನ ಆ ಹಕ್ಕಿಯ ಗೂಡುಗಳಲ್ಲಿ ಇಟ್ಟು ಪರೀಕ್ಷೆ ಮಾಡಿದರು. ತನ್ನ ಮೊಟ್ಟೆಗೆ ಹೋಲದ್ದನ್ನ ಹಕ್ಕಿ ಹೆಚ್ಚಾಗಿ ಹೊರಹಾಕಿತು, ಹೋಲುವುದನ್ನ ಹೆಚ್ಚಾಗಿ ಒಪ್ಪಿತು. ಗೂಡಿನ ಹತ್ತಿರ ಕುಕ್ಕೂವಿನ ಬೊಂಬೆ ಕೂರಿಸಿದಾಗ ಅನುಮಾನ ಜಾಸ್ತಿಯಾಯಿತು, ಹೊರಹಾಕುವುದೂ ಜಾಸ್ತಿಯಾಯಿತು. ಅಂದರೆ ಹಕ್ಕಿ ಮೊಟ್ಟೆಯನ್ನ ಮಾತ್ರ ನೋಡುವುದಿಲ್ಲ, ಈ ಸಲ ಅಪಾಯ ಎಷ್ಟಿದೆ ಅಂತಲೂ ನೋಡುತ್ತದೆ. ಈ ಕಣ್ಣಿನಿಂದಾಗಿ ಕುಕ್ಕೂಗಳಲ್ಲಿ ಹೋಲುವ ಮೊಟ್ಟೆ ಇಟ್ಟವುಗಳ ಮರಿ ಮಾತ್ರ ಉಳಿದವು, ತಲೆಮಾರಿನಿಂದ ತಲೆಮಾರಿಗೆ ಹೋಲಿಕೆ ಹೆಚ್ಚಾಯಿತು.

ಹೋಲಿಕೆ ಹೆಚ್ಚಾದಾಗ ಗೂಡಿನ ಹಕ್ಕಿ ಏನು ಮಾಡಬೇಕು? ನನ್ನ ಹುಣಸೆ ಮರದ ತಪ್ಪಿನಲ್ಲೇ ಅದರ ಉತ್ತರ ಇದೆ. ತನ್ನ ಮೊಟ್ಟೆಗಳೆಲ್ಲ ಒಂದೇ ಥರ ಇರಬೇಕು, ಪಕ್ಕದ ಗೂಡಿನವಕ್ಕಿಂತ ಬೇರೆ ಇರಬೇಕು. ಒಬ್ಬೊಬ್ಬರ ಸಹಿ ಇದ್ದ ಹಾಗೆ. ಆಫ್ರಿಕದಲ್ಲಿ ನಮ್ಮ ಗೀಜಗನ ಬಂಧುವೊಂದು ಹಾಗೇ ಇದೆ. ಒಂದು ಹೆಣ್ಣಿನ ಮೊಟ್ಟೆಗಳು ಒಂದೇ ಅಚ್ಚಿನವು, ಬೇರೆ ಹೆಣ್ಣಿನವು ಬೇರೆ ಬಣ್ಣ, ಬೇರೆ ಚುಕ್ಕೆ. ಈ ಹಕ್ಕಿಯನ್ನ ಮನುಷ್ಯರು ಮಾರಿಷಸ್‌ಗೂ ಹಿಸ್ಪಾನಿಯೋಲ ದ್ವೀಪಕ್ಕೂ ಒಯ್ದಿದ್ದರು. ಅಲ್ಲಿ ಅದಕ್ಕೆ ಮೋಸ ಮಾಡುವ ಕೋಗಿಲೆ ಇರಲಿಲ್ಲ. ಡೇವಿಡ್ ಲಾಟಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ದ್ವೀಪಗಳ ಮೊಟ್ಟೆಗಳನ್ನ ಅಳೆದು ನೋಡಿದರು. ಒಂದೇ ಗೂಡಿನ ಮೊಟ್ಟೆಗಳ ನಡುವೆ ವ್ಯತ್ಯಾಸ ಹೆಚ್ಚಾಗಿತ್ತು, ಹೆಣ್ಣಿನಿಂದ ಹೆಣ್ಣಿಗೆ ಇರುವ ವ್ಯತ್ಯಾಸ ಕಡಿಮೆಯಾಗಿತ್ತು. ಸಹಿ ನೋಡುವ ಅಗತ್ಯ ಹೋಯಿತು, ಸಹಿಯೂ ಮಾಸಿತು. ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಎದ್ದು ಬೇವಿನ ಮರದ ಫೋಟೋಗಳನ್ನ ಮತ್ತೆ ನೋಡುತ್ತ ಕೂತೆ.

ಈ ಕಣ್ಣು ಪೂರ್ತಿ ಹುಟ್ಟಿನಿಂದ ಬರುವಂಥದ್ದೂ ಅಲ್ಲ. ಜಪಾನಿನಲ್ಲಿ ದೊಡ್ಡ ಜಾತಿಯ ರೀಡ್ ವಾರ್ಬ್ಲರ್‌ಗಳನ್ನ ನೋಡಿದಾಗ, ವಯಸ್ಸಾದವಕ್ಕಿಂತ ಮೊದಲ ಸಲ ಮೊಟ್ಟೆ ಇಡುವ ಚಿಕ್ಕ ಹೆಣ್ಣುಗಳು ಹೊರಗಿನ ಮೊಟ್ಟೆಯನ್ನ ಸುಲಭವಾಗಿ ಒಪ್ಪಿಕೊಂಡವು. ಮೊದಲ ಸಲ ಇಟ್ಟಾಗ ಇವು ನನ್ನವು ಅಂತ ಅವು ಕಲಿಯುತ್ತವೆ. ಕಲಿಯುವ ಹೊತ್ತಲ್ಲೇ ಕುಕ್ಕೂ ತನ್ನದನ್ನ ಸೇರಿಸಿದರೆ ಅದನ್ನೂ ತನ್ನದೇ ಅಂತ ಕಲಿತುಬಿಡುವ ಅಪಾಯ ಇದೆ.

ಈಗ ನಮ್ಮ ಕಾಗೆಗೆ ಬರೋಣ. ಕೋಗಿಲೆ ಮರಿ ಕುಕ್ಕೂ ಮರಿಯ ಹಾಗೆ ಎಲ್ಲವನ್ನೂ ತಳ್ಳಿಬಿಡುವುದಿಲ್ಲ, ಕಾಗೆ ಮರಿಗಳ ಜೊತೆಗೇ ಬೆಳೆಯುತ್ತದೆ. ನಷ್ಟ ಇದ್ದೇ ಇದೆ, ಆದರೆ ಗೂಡು ಪೂರ್ತಿ ಖಾಲಿಯಾಗುವುದಿಲ್ಲ. ಸ್ವಂತ ಮೊಟ್ಟೆಗಳೇ ಒಂದರ ಹಾಗೆ ಒಂದಿಲ್ಲದ ಗೂಡಿನಲ್ಲಿ ಎತ್ತಿ ಎಸೆಯುವುದು ಕಾಗೆಗೆ ಅಪಾಯದ ಆಟ. ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ. ಅದು ದಡ್ಡ ಅಂತ ನಾನು ಒಪ್ಪುವುದಿಲ್ಲ. ಕಾಗೆ ತನ್ನ ಕಾವಲನ್ನ ಬೇರೆ ಕಡೆ ಇಟ್ಟಿದೆ, ಕೋಗಿಲೆಯನ್ನ ಕಂಡ ಕಂಡಲ್ಲಿ ಅಟ್ಟುತ್ತದೆ. ಮೇ 11ರ ಮಧ್ಯಾಹ್ನ ಗಂಡು ಕೋಗಿಲೆ ಬಳಸಿಕೊಂಡದ್ದು ಅದನ್ನೇ.

ಮೇ 24ರ ಬೆಳಿಗ್ಗೆ ಕೋಗಿಲೆ ಮೊಟ್ಟೆ ಒಡೆದಿತ್ತು. 13 ದಿನ. ಕಾಗೆ ಮೊಟ್ಟೆಗೆ 16, 17 ದಿನ ಬೇಕು, ಅ ಒಡೆದದ್ದು 26ಕ್ಕೆ. ಎರಡು ದಿನ ತಡವಾಗಿ ಮೊಟ್ಟೆ ಇಟ್ಟರೂ ಕೋಗಿಲೆ ಮರಿ ಎರಡು ದಿನ ಮೊದಲೇ ಬಾಯಿ ತೆರೆದು ಕೂತಿತ್ತು. 28ಕ್ಕೆ ‘ಇ’ ಒಡೆಯಿತು. ‘ಈ’ ಒಡೆಯಲೇ ಇಲ್ಲ. ಜೂನ್ 4ಕ್ಕೆ ‘ಇ’ಯ ಮರಿ ಮರದ ಬುಡದಲ್ಲಿ ಸತ್ತು ಬಿದ್ದಿತ್ತು, ಎಲುಬು ಚಕ್ಕಳ ಅಷ್ಟೇ. ತಳ್ಳಿದ್ದರಿಂದ ಅಲ್ಲ, ಊಟ ಸಿಗದೆ ಹೋದದ್ದು ಅಂತ ನನ್ನ ಅಂದಾಜು. ಬಾಯಿ ಅಗಲಿಸಿ ಮುಂದೆ ನುಗ್ಗುತ್ತಿದ್ದದ್ದು ಯಾವಾಗಲೂ ಕೋಗಿಲೆ ಮರಿಯೇ.

ಜೂನ್ 15ಕ್ಕೆ ಕೋಗಿಲೆ ಮರಿ ಗೂಡು ಬಿಟ್ಟು ಕೊಂಬೆಗೆ ಬಂತು. ಅಜ್ಜನನ್ನ ತಾರಸಿಗೆ ಕರೆದೆ. ಕಪ್ಪು ಮರಿ, ಕಾಗೆಯ ಅರ್ಧದಷ್ಟಿಲ್ಲ. ತಾಯಿ ಕಾಗೆ ಎಲ್ಲಿಂದಲೋ ಅನ್ನದ ಉಂಡೆ ತಂದು ಅದರ ಗಂಟಲಿಗೆ ತುರುಕಿತು. ಅಜ್ಜ ಬಹಳ ಹೊತ್ತು ನೋಡಿ, "ಗೂಡಾಗ ಇನ್ನೊಂದು ಐತಲ್ಲ, ಅದಕ್ಕೂ ಕೊಡ್ತಾಳೇನು?" ಅಂದರು. ಕೊಟ್ಟಿತು, ಎರಡನೇ ಸಲ ಬಂದಾಗ. ಆ ಕಾಗೆ ಮರಿ ಗೂಡು ಬಿಟ್ಟದ್ದು ಜೂನ್ 22ಕ್ಕೆ.